ದೊಡ್ಡ ಹೃದಯದ ದುಬಾರಿ ಬಡಿತ

ಎರಡು ಎಕೋ ವರದಿಗಳನ್ನು ಪಕ್ಕಪಕ್ಕ ಇಟ್ಟು ನೋಡೋಣ. ಇಬ್ಬರದೂ ರಕ್ತದೊತ್ತಡ 120/80. ಇಬ್ಬರ ನಾಡಿಯೂ ನಿಮಿಷಕ್ಕೆ 75. ಇಬ್ಬರ ಹೃದಯವೂ ಪ್ರತಿ ಬಡಿತಕ್ಕೆ ಸುಮಾರು 70 ಮಿಲಿಲೀಟರ್ ರಕ್ತವನ್ನು ಹೊರಗೆ ದೂಡುತ್ತದೆ. ಹೊರಗಿನಿಂದ ಲೆಕ್ಕ ಹಾಕಿದರೆ ಎರಡೂ ಹೃದಯಗಳು ಮಾಡುವ ಕೆಲಸ ಒಂದೇ. ಆದರೆ ಮೊದಲನೆಯವರು ಎರಡು ಮಹಡಿ ಹತ್ತಿದರೂ ಮಾತು ನಿಲ್ಲಿಸುವುದಿಲ್ಲ. ಎರಡನೆಯವರಿಗೆ ಬಚ್ಚಲುಮನೆಯಿಂದ ಹಾಸಿಗೆಗೆ ಬರುವಷ್ಟರಲ್ಲಿ ಏದುಸಿರು.

ವ್ಯತ್ಯಾಸ ವರದಿಯ ಒಂದು ಸಾಲಿನಲ್ಲಿದೆ. ರೋಗಿಗಳು ಸಾಮಾನ್ಯವಾಗಿ ಆ ಸಾಲನ್ನು ದಾಟಿ ನೇರವಾಗಿ 'ಇ.ಎಫ್. ಎಷ್ಟು' ಎಂದು ಹುಡುಕುತ್ತಾರೆ. ಅದಕ್ಕೂ ಮೇಲೆ ಎಲ್‌ವಿಐಡಿ ಎಂಬ ಅಕ್ಷರಗಳ ಮುಂದೆ ಮಿಲಿಮೀಟರಿನಲ್ಲಿ ಒಂದು ಅಂಕಿ ಇರುತ್ತದೆ. ಎಡ ಹೃತ್ಕುಕ್ಷಿ, ಅಂದರೆ ಇಡೀ ದೇಹಕ್ಕೆ ರಕ್ತ ಕಳಿಸುವ ಹೃದಯದ ಕೆಳಗಿನ ಎಡ ಕೋಣೆ, ಪೂರ್ತಿ ತುಂಬಿಕೊಂಡಾಗ ಒಳಗೆ ಎಷ್ಟು ಅಗಲವಿದೆ ಎಂಬ ಅಳತೆ ಅದು. ಮೊದಲನೆಯವರ ವರದಿಯಲ್ಲಿ ಅದು 48, ಎರಡನೆಯವರದರಲ್ಲಿ 70. ಮೊದಲನೆಯ ಕೋಣೆ ನೂರು ಚಿಲ್ಲರೆ ಮಿಲಿಲೀಟರ್ ತುಂಬಿಕೊಂಡು 70 ದೂಡುತ್ತದೆ. ಎರಡನೆಯದು 250ರಷ್ಟು ತುಂಬಿಕೊಂಡು ಅದೇ 70 ದೂಡಿ, ಉಳಿದ 180ನ್ನು ಹಾಗೇ ಇಟ್ಟುಕೊಂಡು ಕೂರುತ್ತದೆ. ವೈದ್ಯರು ಇದನ್ನು ಹಿಗ್ಗಿದ ಹೃದಯ ಎನ್ನುತ್ತಾರೆ. ಈ ಎರಡು ವರದಿಗಳು ವಿವರಣೆಗಾಗಿ ಕಟ್ಟಿದವು, ಆದರೆ ಇಂಥ ಅಂಕಿಗಳು ಯಾವ ದೊಡ್ಡ ಹೃದ್ರೋಗ ಆಸ್ಪತ್ರೆಯಲ್ಲೂ ದಿನವೂ ಕಾಣಸಿಗುತ್ತವೆ.

ಒಳಗಿನ ಒತ್ತಡ ಒಂದೇ ಆಗಿರುವಾಗ ಕೋಣೆ ಅಗಲವಾದ ಮಾತ್ರಕ್ಕೆ ಹೃದಯಕ್ಕೆ ಏಕೆ ಹೆಚ್ಚು ಶ್ರಮ? ಸೈಕಲ್ ಟ್ಯೂಬಿಗೆ ಗಾಳಿ ತುಂಬಿಸಿ ಗೊತ್ತಿರುವವರಿಗೆ ಇದರ ಸುಳಿವು ಸಿಗುತ್ತದೆ. ಟಯರಿನಿಂದ ಹೊರತೆಗೆದ ಹಳೆಯ ಟ್ಯೂಬು ಒಂದು ಕಡೆ ಸ್ವಲ್ಪ ಉಬ್ಬಿತು ಅನ್ನಿ. ಟ್ಯೂಬಿನೊಳಗೆ ಎಲ್ಲೆಡೆ ಗಾಳಿಯ ಒತ್ತಡ ಒಂದೇ. ಆದರೂ ಮುಂದೆ ಪಂಪು ಹೊಡೆದಷ್ಟೂ ಉಬ್ಬಿದ ಜಾಗವೇ ಇನ್ನಷ್ಟು ಉಬ್ಬುತ್ತದೆ, ಉಳಿದ ಭಾಗ ಹಾಗೇ ಇರುತ್ತದೆ. ಒತ್ತಡ ಸಮವಾಗಿದ್ದರೂ ಉಬ್ಬಿದ ಕಡೆ ರಬ್ಬರ್ ತಡೆದುಕೊಳ್ಳಬೇಕಾದ ಎಳೆತ ಜಾಸ್ತಿ.

ಇದರ ಲೆಕ್ಕವನ್ನು ಇಂಗ್ಲೆಂಡಿನ ವೈದ್ಯ ಥಾಮಸ್ ಯಂಗ್ ಮತ್ತು ಫ್ರಾನ್ಸಿನ ಗಣಿತಜ್ಞ ಪಿಯರ್ ಸಿಮೋನ್ ಲಾಪ್ಲಾಸ್ 19ನೇ ಶತಮಾನದ ಮೊದಲ ವರ್ಷಗಳಲ್ಲಿ ಬೇರೆಬೇರೆಯಾಗಿ ಹಾಕಿದ್ದರು. ಅವರ ತಲೆಯಲ್ಲಿದ್ದದ್ದು ಹೃದಯವಲ್ಲ. ನೀರಿನ ಹನಿ ಮತ್ತು ಕಿರಿದಾದ ಗಾಜಿನ ಕೊಳವೆಯಲ್ಲಿ ಏರುವ ನೀರು. ಅದನ್ನು ಹೃದಯಕ್ಕೆ ತಂದು ಹಚ್ಚಿದವರು ಡಬ್ಲಿನ್ನಿನ ಶಸ್ತ್ರವೈದ್ಯ ರಾಬರ್ಟ್ ವುಡ್ಸ್. 1892ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಅವರು ಹೃದಯದ ಗೋಡೆಯ ದಪ್ಪವನ್ನೂ ಆಯಾ ಜಾಗದ ಬಾಗನ್ನೂ ಅಳೆದು ಹೋಲಿಸಿದರು. ಗೋಡೆ ಅಗಲವಾಗಿ ಬಾಗಿದ ಕಡೆ ದಪ್ಪ, ಚಿಕ್ಕದಾಗಿ ಬಾಗಿದ ಕಡೆ ತೆಳು. ಎಡ ಹೃತ್ಕುಕ್ಷಿಯ ತುದಿ ಚೂಪಾಗಿರುವುದರಿಂದಲೇ ಅಲ್ಲಿ ಗೋಡೆ ಬರೀ ಒಂದೆರಡು ಮಿಲಿಮೀಟರ್ ಇದ್ದರೂ ಸಾಲುತ್ತದೆ.

ಈಗ ನಮ್ಮ ಎರಡು ವರದಿಗಳಿಗೆ ಬರೋಣ. ಲೆಕ್ಕ ಸುಲಭವಾಗಲೆಂದು ಹೃತ್ಕುಕ್ಷಿಯನ್ನು ಟೊಳ್ಳು ಚೆಂಡು ಎಂದುಕೊಳ್ಳೋಣ. ನಿಜದಲ್ಲಿ ಅದರ ಆಕಾರ ಮೊಟ್ಟೆಗೆ ಹತ್ತಿರ. ಆದರೆ ಹಿಗ್ಗಿದಷ್ಟೂ ಅದು ಚೆಂಡಿನ ಹಾಗೇ ಆಗುತ್ತದೆ. ಚೆಂಡನ್ನು ಮಧ್ಯಕ್ಕೆ ಸರಿಯಾಗಿ ಎರಡು ಹೋಳಾಗಿ ಕಲ್ಪಿಸಿಕೊಳ್ಳಿ. ಒಳಗಿನ ರಕ್ತದ ಒತ್ತಡ ಎರಡೂ ಹೋಳುಗಳನ್ನು ಅತ್ತಿತ್ತ ತಳ್ಳುತ್ತದೆ. ಅವು ಬೇರೆಯಾಗದಂತೆ ಹಿಡಿದಿರುವುದು ಅಂಚಿನ ಸುತ್ತ ಉಂಗುರದಂತೆ ಇರುವ ಸ್ನಾಯು ಒಂದೇ.

ಪಾದರಸದ 120 ಮಿಲಿಮೀಟರ್ ಒತ್ತಡವೆಂದರೆ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 163 ಗ್ರಾಂ ಭಾರ. 48 ಮಿಲಿಮೀಟರ್ ಅಗಲದ ಕೋಣೆಯ ಮಧ್ಯದ ವೃತ್ತಕ್ಕೆ 18 ಚದರ ಸೆಂಟಿಮೀಟರ್ ವಿಸ್ತೀರ್ಣ. ಎರಡನ್ನೂ ಗುಣಿಸಿದರೆ ಹೋಳುಗಳನ್ನು ಬೇರ್ಪಡಿಸಲು ಹವಣಿಸುವ ಬಲ ಸುಮಾರು ಮೂರು ಕಿಲೋ. 70 ಮಿಲಿಮೀಟರಿನ ಕೋಣೆಯಲ್ಲಿ ವೃತ್ತದ ವಿಸ್ತೀರ್ಣ 38 ಚದರ ಸೆಂಟಿಮೀಟರ್ ದಾಟುತ್ತದೆ, ಬಲ ಆರು ಕಿಲೋ ಮೀರುತ್ತದೆ. ಅಗಲ ಒಂದೂವರೆ ಪಟ್ಟಿಗಿಂತ ಕಡಿಮೆಯೇ ಹೆಚ್ಚಿತು, ಹೊರೆ ಎರಡು ಪಟ್ಟಾಯಿತು. ಬಿ.ಪಿ. ಯಂತ್ರ ಮಾತ್ರ ಇಬ್ಬರಿಗೂ 120 ಎಂದೇ ತೋರಿಸುತ್ತದೆ.

ಈ ಹೊರೆಯನ್ನು ಎಷ್ಟು ಸ್ನಾಯು ಹಂಚಿಕೊಳ್ಳುತ್ತದೆ ಎಂಬುದು ಮುಂದಿನ ಪ್ರಶ್ನೆ. ಮೊದಲ ಹೃದಯದ ಗೋಡೆ 9 ಮಿಲಿಮೀಟರ್ ದಪ್ಪ. ಪ್ರತಿ ಚದರ ಸೆಂಟಿಮೀಟರ್ ಸ್ನಾಯುವಿನ ಪಾಲಿಗೆ ಸುಮಾರು 180 ಗ್ರಾಂ ಬೀಳುತ್ತದೆ. ಹಿಗ್ಗಿದ ಹೃದಯದ ಗೋಡೆ ತೆಳುವಾಗಿ 8 ಮಿಲಿಮೀಟರಿಗೆ ಬಂದಿದ್ದರೆ ಅದರ ಸ್ನಾಯುವಿನ ಪಾಲು 320 ಗ್ರಾಂ. ಪಠ್ಯಪುಸ್ತಕಗಳು ಇದನ್ನೇ ಒಂದು ಸಾಲಿನಲ್ಲಿ ಬರೆಯುತ್ತವೆ:

σ = P × r / (2 × h)

ಇಲ್ಲಿ P ಒಳಗಿನ ಒತ್ತಡ, r ಕೋಣೆಯ ತ್ರಿಜ್ಯ, h ಗೋಡೆಯ ದಪ್ಪ, σ ಸ್ನಾಯುವಿನ ಮೇಲಿನ ಬಿಗಿತ. ತೆಳು ಗೋಡೆಗೆ ಹೊಂದುವ ಸೂತ್ರವಾದ್ದರಿಂದ ಹೃದಯಕ್ಕೆ ಹಾಕಿದಾಗ ಉತ್ತರ ಸ್ವಲ್ಪ ಆಚೀಚೆ ಆಗುತ್ತದೆ, ಅದಕ್ಕೇ ಮೇಲೆ ಹೋಳುಗಳ ಲೆಕ್ಕ ಮಾಡಿದ್ದು. ಹೇಳುವ ಸಂಗತಿ ಮಾತ್ರ ಅದೇ.

ಇಷ್ಟರಲ್ಲೇ ಮುಗಿಯುವುದಿಲ್ಲ. ಇದಕ್ಕಿಂತ ದೊಡ್ಡ ಏಟು ಬಡಿತದ ಕೊನೆಯಲ್ಲಿ ಬೀಳುತ್ತದೆ, ಮತ್ತು ಹಲವು ವಿವರಣೆಗಳು ಅಲ್ಲಿಯವರೆಗೆ ಹೋಗುವುದೇ ಇಲ್ಲ. ಆರೋಗ್ಯವಂತ ಹೃದಯ ಸಂಕುಚಿಸುತ್ತ ಹೋದಂತೆ ತನ್ನ ಕೆಲಸವನ್ನು ತಾನೇ ಹಗುರ ಮಾಡಿಕೊಳ್ಳುತ್ತದೆ. ಕೋಣೆ 48ರಿಂದ 30 ಮಿಲಿಮೀಟರಿಗೆ ಇಳಿಯುತ್ತದೆ, ಅದೇ ಹೊತ್ತಿಗೆ ಗೋಡೆ 9ರಿಂದ 14 ಮಿಲಿಮೀಟರಿಗೆ ದಪ್ಪವಾಗುತ್ತದೆ. ಬಡಿತದ ಕೊನೆಗೆ ಒತ್ತಡ 100ರ ಆಸುಪಾಸಿನಲ್ಲೇ ಇದ್ದರೂ ಚದರ ಸೆಂಟಿಮೀಟರಿನ ಮೇಲಿನ ಭಾರ 50 ಗ್ರಾಮಿಗೆ ಬಂದು ನಿಲ್ಲುತ್ತದೆ. ಸ್ನಾಯು ದಣಿಯುವ ಹೊತ್ತಿಗೆ ಹೊರೆ ಇಳಿದಿರುತ್ತದೆ. ಹಿಗ್ಗಿದ ಹೃದಯಕ್ಕೆ ಈ ಸೌಕರ್ಯವಿಲ್ಲ. ಅದು 70ರಿಂದ 60ಕ್ಕೆ ಇಳಿಯುವುದೇ ಹೆಚ್ಚು. ಗೋಡೆಯೂ ಹೆಸರಿಗಷ್ಟೇ ದಪ್ಪವಾಗುತ್ತದೆ. ಅದೇ ಲೆಕ್ಕ ಮಾಡಿದರೆ ಕೊನೆಯಲ್ಲೂ ಅದರ ಸ್ನಾಯುವಿನ ಮೇಲೆ 185 ಗ್ರಾಮಿನಷ್ಟು ಭಾರ ಉಳಿದಿರುತ್ತದೆ. ಒಳ್ಳೆಯ ಹೃದಯ ಅತಿ ಹೆಚ್ಚೆಂದರೆ ಹೊರುವಷ್ಟು ಭಾರವನ್ನು ಹಿಗ್ಗಿದ ಹೃದಯ ತನ್ನ ಅತಿ ಹಗುರವಾದ ಕ್ಷಣದಲ್ಲಿ ಹೊರುತ್ತಿರುತ್ತದೆ, ಅದೂ ದಿನಕ್ಕೆ ಒಂದು ಲಕ್ಷ ಸಲ.

ಹೃದಯದ ಖರ್ಚು ನಿರ್ಧಾರವಾಗುವುದು ಈ ಬಿಗಿತದ ಮೇಲೆ. ಹೃದಯ ಬಳಸುವ ಆಮ್ಲಜನಕ ಅದು ದೂಡಿದ ರಕ್ತದ ಪ್ರಮಾಣಕ್ಕಿಂತ ಹೆಚ್ಚಾಗಿ, ಸ್ನಾಯು ಎಷ್ಟು ಬಿಗಿಯಾಗಿ ಎಷ್ಟು ಹೊತ್ತು ನಿಂತಿತು ಎಂಬುದನ್ನು ಅವಲಂಬಿಸಿದೆ. ಸ್ಟಾನ್ಲಿ ಸಾರ್ನಾಫ್ ಮತ್ತು ಸಂಗಡಿಗರು 1958ರಲ್ಲಿ ನಾಯಿಯ ಹೃದಯದ ಮೇಲಿನ ಪ್ರಯೋಗಗಳಲ್ಲಿ ಇದನ್ನು ಸ್ಪಷ್ಟವಾಗಿ ತೋರಿಸಿದರು: ಹೆಚ್ಚು ರಕ್ತ ದೂಡುವಂತೆ ಮಾಡಿದಾಗ ಆಮ್ಲಜನಕದ ಖರ್ಚು ಸ್ವಲ್ಪವೇ ಏರಿತು, ಒತ್ತಡ ಏರಿಸಿದಾಗ ಬಹಳ ಏರಿತು. ಭಾರವಾದ ಚೀಲವನ್ನು ಕದಲದೆ ಹಿಡಿದು ನಿಂತರೂ ತೋಳು ಸೋಲುತ್ತದಲ್ಲ, ಸ್ನಾಯುವಿನ ಸ್ವಭಾವವೇ ಅಂಥದು.

ಈ ಹೆಚ್ಚುವರಿ ಆಮ್ಲಜನಕ ಬರಬೇಕಾದದ್ದು ಎಲ್ಲಿಂದ? ಹೃದಯದ ಸ್ನಾಯು ತನ್ನ ಬಳಿ ಹರಿದುಬಂದ ರಕ್ತದಿಂದ ವಿಶ್ರಾಂತಿಯಲ್ಲೂ ಮುಕ್ಕಾಲು ಪಾಲಿನಷ್ಟು ಆಮ್ಲಜನಕವನ್ನು ಹೀರಿಕೊಂಡಿರುತ್ತದೆ. ಮಿಕ್ಕಿದ್ದರಲ್ಲಿ ಹಿಂಡಿ ತೆಗೆಯಲು ಹೆಚ್ಚೇನೂ ಇರುವುದಿಲ್ಲ. ಬೇಕೆಂದರೆ ಹೆಚ್ಚು ರಕ್ತವೇ ಹರಿಯಬೇಕು. ಅಲ್ಲೂ ತೊಡಕಿದೆ. ಗೋಡೆ ಬಿಗಿಯಾಗಿರುವಾಗ ಅದರೊಳಗೆ ಹಾದುಹೋಗುವ ಸಣ್ಣ ರಕ್ತನಾಳಗಳು ಅಮುಕಿಕೊಳ್ಳುತ್ತವೆ. ಎಡ ಹೃತ್ಕುಕ್ಷಿಯ ಒಳಪದರಕ್ಕೆ ರಕ್ತ ಸಿಗುವುದು ಬಹುಮಟ್ಟಿಗೆ ಎರಡು ಬಡಿತಗಳ ನಡುವಿನ ಬಿಡುವಿನಲ್ಲಿ. ಹಿಗ್ಗಿ, ತುಂಬಿ ತುಳುಕುವ ಹೃದಯದಲ್ಲಿ ಬಿಡುವಿನ ಹೊತ್ತಿನಲ್ಲೂ ಗೋಡೆ ಪೂರ್ತಿ ಸಡಿಲವಾಗುವುದಿಲ್ಲ. ಹೀಗಾಗಿ ಬೇಡಿಕೆ ಏರಿದ ಕಡೆಯೇ ಪೂರೈಕೆ ಇಳಿಯುತ್ತದೆ.

ಹಾಗಿದ್ದರೆ ಹೃದಯ ಹಿಗ್ಗುವುದಾದರೂ ಏಕೆ? ದೇಹ ಇಷ್ಟು ದಡ್ಡ ಕೆಲಸ ಮಾಡುತ್ತದೆಯೇ? ಮಾಡುವುದಿಲ್ಲ, ಅದರಲ್ಲಿ ಒಂದು ಲಾಭವಿದೆ. ದೊಡ್ಡ ಕೋಣೆಯ ಸ್ನಾಯು ಸ್ವಲ್ಪವೇ ಕುಗ್ಗಿದರೂ ಬಹಳ ರಕ್ತ ಹೊರಬರುತ್ತದೆ. 70 ಮಿಲಿಲೀಟರ್ ದೂಡಲು ಮೊದಲ ಹೃದಯ ತನ್ನ ಅಗಲದ ಮೂರನೇ ಒಂದಕ್ಕಿಂತ ಹೆಚ್ಚು ಕುಗ್ಗಬೇಕಾಯಿತು. ಹಿಗ್ಗಿದ ಹೃದಯಕ್ಕೆ ಏಳನೇ ಒಂದು ಭಾಗ ಸಾಕಾಯಿತು. ಹೃದಯಾಘಾತವೋ ವೈರಾಣು ಸೋಂಕೋ ಅತಿಯಾದ ಮದ್ಯವೋ ಸ್ನಾಯುವನ್ನು ದುರ್ಬಲಗೊಳಿಸಿದಾಗ ಅದಕ್ಕೆ ಹೆಚ್ಚು ಕುಗ್ಗುವ ಶಕ್ತಿ ಇರುವುದಿಲ್ಲ. ಅಗಲವಾದರೆ ಕಡಿಮೆ ಕುಗ್ಗಿ ಕೆಲಸ ಸಾಗಿಸಬಹುದು. ಅದರ ಬೆಲೆಯೇ ಬಿಗಿತ. ಬಿಗಿತ ಹೆಚ್ಚಿದರೆ ಸ್ನಾಯು ಮತ್ತೂ ಸವೆಯುತ್ತದೆ, ಸವೆದರೆ ಮತ್ತೂ ಹಿಗ್ಗುತ್ತದೆ. ಹೃತ್ಕುಕ್ಷಿ ದುಂಡಗಾದಂತೆ ಮೈಟ್ರಲ್ ಕವಾಟದ ಬಾಗಿಲುಗಳು ಒಂದಕ್ಕೊಂದು ಮುಟ್ಟದೆ, ದೂಡಿದ ರಕ್ತದಲ್ಲಿ ಒಂದು ಪಾಲು ಹಿಂದಕ್ಕೆ ಸೋರತೊಡಗುತ್ತದೆ. ಆ ಸೋರಿಕೆಯೇ ಮರುಬಡಿತದಲ್ಲಿ ಕೋಣೆಯನ್ನು ಇನ್ನಷ್ಟು ತುಂಬುತ್ತದೆ.

ಅಗಲವಾದ ಹೃದಯಗಳೆಲ್ಲ ರೋಗದ ಹೃದಯಗಳಲ್ಲ ಎಂಬುದನ್ನು ಇಲ್ಲೇ ಹೇಳಿಬಿಡಬೇಕು. ದೂರದ ಓಟಗಾರರ ಹೃತ್ಕುಕ್ಷಿಯೂ ಅಗಲವಾಗುತ್ತದೆ. ಆದರೆ ಅದರ ಗೋಡೆಯೂ ಅದೇ ಪ್ರಮಾಣದಲ್ಲಿ ದಪ್ಪವಾಗುವುದರಿಂದ ಬಿಗಿತ ಮಿತಿಯಲ್ಲೇ ಇರುತ್ತದೆ. ಬಹುಕಾಲದ ಅಧಿಕ ರಕ್ತದೊತ್ತಡದಲ್ಲಿ ಇನ್ನೊಂದು ಬಗೆ: ಕೋಣೆ ಅಗಲವಾಗದೆ ಗೋಡೆ ಮಾತ್ರ ದಪ್ಪವಾಗುತ್ತದೆ. 1975ರಲ್ಲಿ ವಿಲಿಯಂ ಗ್ರಾಸ್‌ಮನ್ ಮತ್ತು ಸಂಗಡಿಗರು ರೋಗಿಗಳ ಹೃದಯದೊಳಗೆ ಒತ್ತಡ ಅಳೆದು ನೋಡಿದಾಗ, ಒತ್ತಡದ ಹೊರೆಯಿಂದ ದಪ್ಪವಾದ ಗೋಡೆಗಳಲ್ಲಿ ಸಂಕೋಚನದ ಬಿಗಿತ ಬಹುಮಟ್ಟಿಗೆ ಸಾಮಾನ್ಯವಾಗಿಯೇ ಇತ್ತು. ಒತ್ತಡ ಏರಿದಷ್ಟೇ ದಪ್ಪವೂ ಏರಿ ಸೂತ್ರವನ್ನು ಸರಿದೂಗಿಸಿತ್ತು. ಅದು ಕೆಲಕಾಲದ ಹೊಂದಾಣಿಕೆ ಅಷ್ಟೆ, ದಪ್ಪ ಗೋಡೆ ಪೆಡಸಾಗಿ ತುಂಬಿಕೊಳ್ಳಲು ಒಪ್ಪದಂತಾಗುತ್ತದೆ.

ಇದೇ ಸೂತ್ರ ಪಕ್ಕದ ಶ್ವಾಸಕೋಶದಲ್ಲಿ ತಿರುವುಮುರುವಾಗಿ ಕಾಣಿಸಿಕೊಳ್ಳುತ್ತದೆ. ಅಲ್ಲಿ ಶಿಕ್ಷೆ ದೊಡ್ಡದಾದದ್ದಕ್ಕಲ್ಲ, ಚಿಕ್ಕದಾದದ್ದಕ್ಕೆ.

ಶ್ವಾಸಕೋಶದ ತುದಿಯಲ್ಲಿರುವ ಗಾಳಿಗೂಡುಗಳು ಕೋಟಿಗಟ್ಟಲೆ ಇವೆ. ಒಂದೊಂದರ ಅಗಲ ಮಿಲಿಮೀಟರಿನ ಐದನೇ ಒಂದು ಭಾಗದಷ್ಟು. ಒಳಗೋಡೆಗೆ ತೇವದ ತೆಳುಪದರವಿದೆ. ಹೃದಯದಲ್ಲಿ ಎಳೆತವನ್ನು ಸ್ನಾಯು ಹುಟ್ಟಿಸಬೇಕು; ಇಲ್ಲಿ ತೇವದ ಮೇಲ್ಮೈ ತಾನಾಗಿಯೇ ಕುಗ್ಗಲು ಎಳೆಯುತ್ತಿರುತ್ತದೆ, ಗೂಡನ್ನು ತೆರೆದಿಡುವ ಒತ್ತಡ ಹೊರಗಿನಿಂದ ಬರಬೇಕು. ಆ ತೇವ ಬರೀ ನೀರಾಗಿದ್ದರೆ ಇಂಥ ಒಂದು ಗೂಡನ್ನು ತೆರೆದಿಡಲು ಸುಮಾರು 14 ಸೆಂಟಿಮೀಟರ್ ನೀರಿನ ಎತ್ತರದಷ್ಟು ಒತ್ತಡ ಬೇಕು. ಗೂಡು ಅರ್ಧ ಅಗಲಕ್ಕೆ ಕುಗ್ಗಿದರೆ ಬೇಕಾಗುವ ಒತ್ತಡ 28 ಸೆಂಟಿಮೀಟರ್. ಸಾಮಾನ್ಯ ಉಸಿರಿನಲ್ಲಿ ಶ್ವಾಸಕೋಶವನ್ನು ಹಿಗ್ಗಿಸಿಡುವ ಒತ್ತಡ 5ರಿಂದ 8 ಸೆಂಟಿಮೀಟರ್ ಮಾತ್ರ. ಆ ಲೆಕ್ಕದಲ್ಲಿ ಉಸಿರು ಬಿಟ್ಟ ಕೂಡಲೇ ನಮ್ಮ ಶ್ವಾಸಕೋಶ ಮುದುಡಿ ಅಂಟಿಕೊಳ್ಳಬೇಕಿತ್ತು.

ಅಂಟಿಕೊಳ್ಳದಿರುವುದಕ್ಕೆ ಕಾರಣ ಗೂಡಿನ ಗೋಡೆಯ ಕೆಲವು ಕೋಶಗಳು ಸ್ರವಿಸುವ ಸರ್ಫ್ಯಾಕ್ಟೆಂಟ್ ಎಂಬ ಜಿಡ್ಡು. ಅದರಲ್ಲಿ ಶೇ. 90ರಷ್ಟು ಕೊಬ್ಬು, ಉಳಿದದ್ದು ಪ್ರೋಟೀನ್. ತೇವದ ಮೇಲ್ಮೈ ಎಳೆತವನ್ನು ಅದು ಇಳಿಸುತ್ತದೆ, ಮತ್ತು ಗೂಡು ಕುಗ್ಗಿದಷ್ಟೂ ಅದರ ಕಣಗಳು ಒತ್ತೊತ್ತಾಗಿ ಕೂತು ಎಳೆತವನ್ನು ಇನ್ನೂ ಇಳಿಸುತ್ತವೆ. ತ್ರಿಜ್ಯ ಇಳಿದ ಹಾಗೆ ಎಳೆತವೂ ಇಳಿಯುವುದರಿಂದ ಲಾಪ್ಲಾಸನ ಸೂತ್ರದ ಕುಣಿಕೆ ಬಿಗಿಯುವುದಿಲ್ಲ. ಇಂಗ್ಲೆಂಡಿನ ರಿಚರ್ಡ್ ಪ್ಯಾಟಲ್ 1955ರಲ್ಲಿ ಇದನ್ನು ಕಂಡುಕೊಂಡದ್ದು ನೊರೆಯನ್ನು ನೋಡುತ್ತ. ಶ್ವಾಸಕೋಶದಿಂದ ಹಿಂಡಿ ತೆಗೆದ ಸಣ್ಣ ಗುಳ್ಳೆಗಳು ಒಡೆಯಲಿಲ್ಲ, ಕುಗ್ಗಿ ಮಾಯವಾಗಲೂ ಇಲ್ಲ. ಅಷ್ಟು ಸಣ್ಣ ಗುಳ್ಳೆ ಉಳಿಯಬೇಕಾದರೆ ಅದರ ಮೇಲ್ಮೈ ಎಳೆತ ಸೊನ್ನೆಗೆ ಹತ್ತಿರವಿರಬೇಕು ಎಂದು ಅವರು ತರ್ಕಿಸಿದರು.

ನಾಲ್ಕು ವರ್ಷದ ಬಳಿಕ, 1959ರಲ್ಲಿ, ಅಮೆರಿಕದ ಬಾಸ್ಟನ್ನಿನಲ್ಲಿ ಮೇರಿ ಎಲೆನ್ ಏವರಿ ಮತ್ತು ಜೆರಿ ಮೀಡ್ ಉಸಿರಾಟದ ತೊಂದರೆಯಿಂದ ಸತ್ತ ಅವಧಿಪೂರ್ವ ಶಿಶುಗಳ ಶ್ವಾಸಕೋಶದಲ್ಲಿ ಈ ಜಿಡ್ಡಿನ ಕೊರತೆಯಿರುವುದನ್ನು ತೋರಿಸಿಕೊಟ್ಟರು. ಗರ್ಭದಲ್ಲಿ ಅದು ಸಾಕಷ್ಟು ತಯಾರಾಗುವುದು 34–35ನೇ ವಾರದ ಹೊತ್ತಿಗೆ. ಅಧ್ಯಕ್ಷ ಜಾನ್ ಕೆನೆಡಿಯವರ ಮಗ ಪ್ಯಾಟ್ರಿಕ್ 1963ರ ಆಗಸ್ಟಿನಲ್ಲಿ ಐದೂವರೆ ವಾರ ಮುಂಚೆ ಹುಟ್ಟಿ ಎರಡೇ ದಿನದಲ್ಲಿ ತೀರಿಕೊಂಡದ್ದು ಇದೇ ಕಾಯಿಲೆಯಿಂದ. ಕಾರಣ ಗೊತ್ತಿತ್ತು, ಕೊಡಲು ಮದ್ದಿರಲಿಲ್ಲ. ಜಪಾನಿನ ತೆತ್ಸುರೊ ಫುಜಿವಾರಾ ಹಸುವಿನ ಶ್ವಾಸಕೋಶದಿಂದ ತೆಗೆದ ಸರ್ಫ್ಯಾಕ್ಟೆಂಟನ್ನು ಹತ್ತು ಶಿಶುಗಳ ಶ್ವಾಸನಾಳಕ್ಕೆ ಹಾಕಿ ಅವು ಚೇತರಿಸಿಕೊಂಡದ್ದನ್ನು ವರದಿ ಮಾಡಿದ್ದು 1980ರಲ್ಲಿ. ಇಂದು ನವಜಾತ ಶಿಶುಗಳ ತೀವ್ರ ನಿಗಾ ಘಟಕದಲ್ಲಿ ಮಗುವಿನ ಮೂಗಿಗೆ ಸಣ್ಣ ನಳಿಗೆ ಹಾಕಿ, ಅದರ ಇನ್ನೊಂದು ತುದಿಯನ್ನು ನೀರಿನ ಬಾಟಲಿಯಲ್ಲಿ ಐದಾರು ಸೆಂಟಿಮೀಟರ್ ಆಳಕ್ಕೆ ಮುಳುಗಿಸಿಟ್ಟಿರುವುದನ್ನು ಕಾಣಬಹುದು. ಗುಳುಗುಳು ಎನ್ನುವ ಆ ಬಾಟಲಿಯ ಕೆಲಸ ಗೂಡುಗಳು ತೀರಾ ಚಿಕ್ಕದಾಗದಂತೆ ನೋಡಿಕೊಳ್ಳುವುದು. ಒಮ್ಮೆ ಚಿಕ್ಕದಾದರೆ ಮತ್ತೆ ತೆರೆಯುವುದು ದುಬಾರಿ.

ಗಾಳಿಗೂಡುಗಳು ಬಿಡಿಬಿಡಿ ಗುಳ್ಳೆಗಳಲ್ಲ ಎಂಬುದನ್ನೂ ಮರೆಯಬಾರದು. ಜೇನುಹುಟ್ಟಿನ ಕೋಣೆಗಳಿಗಿರುವಂತೆ ಅವುಗಳಿಗೆ ಗೋಡೆಗಳು ಸಮಾನ; ಒಂದು ಕುಗ್ಗಹೊರಟರೆ ಸುತ್ತಲಿನವು ಎಳೆದು ಹಿಡಿಯುತ್ತವೆ. ಚಿಕ್ಕ ಗುಳ್ಳೆ ತನ್ನ ಗಾಳಿಯನ್ನೆಲ್ಲ ದೊಡ್ಡದಕ್ಕೆ ಸುರಿದು ಕುಸಿಯುವಂತೆ ಪಠ್ಯಪುಸ್ತಕಗಳಲ್ಲಿ ಬರೆಯುವ ಚಿತ್ರ ಪಾಠಕ್ಕೆ ಅನುಕೂಲ, ಶ್ವಾಸಕೋಶಕ್ಕೆ ಪೂರ್ತಿ ನಿಜವಲ್ಲ.

ಹೃದಯದ ವಿಷಯದಲ್ಲಿ ಸೂತ್ರವನ್ನು ಅತಿಯಾಗಿ ನಂಬಿದ ಪ್ರಸಂಗವೊಂದು ವೈದ್ಯಕೀಯ ಚರಿತ್ರೆಯಲ್ಲಿ ದಾಖಲಾಗಿದೆ. 1990ರ ದಶಕದಲ್ಲಿ ಬ್ರೆಜಿಲ್ಲಿನ ಶಸ್ತ್ರವೈದ್ಯ ರಾಂಡಾಸ್ ಬಟಿಸ್ಟಾ ಸರಳವಾಗಿ ಯೋಚಿಸಿದರು: ತೊಂದರೆ ಇರುವುದು ಅಗಲದಲ್ಲಿ ಎಂದಾದರೆ ಅಗಲವನ್ನೇ ಕತ್ತರಿಸಿ ತೆಗೆಯಬಾರದೇಕೆ? ಹೃದಯ ಕಸಿಗೆ ಅವಕಾಶವಿಲ್ಲದ ರೋಗಿಗಳ ಎಡ ಹೃತ್ಕುಕ್ಷಿಯ ಪಕ್ಕದ ಗೋಡೆಯಿಂದ ಕಲ್ಲಂಗಡಿಯ ಹೋಳಿನಂತೆ ಒಂದು ತುಂಡು ಸ್ನಾಯುವನ್ನು ತೆಗೆದು, ಉಳಿದ ಅಂಚುಗಳನ್ನು ಹೊಲಿದರು. ಹೃದಯವನ್ನು ಚಿಕ್ಕದು ಮಾಡುವ ಈ ಶಸ್ತ್ರಕ್ರಿಯೆ ಜಗತ್ತಿನ ಗಮನ ಸೆಳೆಯಿತು.

ನಮ್ಮ ಲೆಕ್ಕದಲ್ಲಿ ಇದನ್ನು ಪರೀಕ್ಷಿಸಬಹುದು. 70 ಮಿಲಿಮೀಟರ್ ಅಗಲದ ಕೋಣೆಯ ಸುತ್ತಳತೆ 22 ಸೆಂಟಿಮೀಟರ್. ಅದರಲ್ಲಿ ನಾಲ್ಕೂವರೆ ಸೆಂಟಿಮೀಟರ್ ಅಗಲದ ತುಂಡು ತೆಗೆದರೆ ಕೋಣೆ 56 ಮಿಲಿಮೀಟರಿಗೆ ಬರುತ್ತದೆ, ಚದರ ಸೆಂಟಿಮೀಟರಿನ ಮೇಲಿನ ಭಾರ 320ರಿಂದ 250 ಗ್ರಾಮಿಗೆ ಇಳಿಯುತ್ತದೆ. ಕಾಗದದ ಮೇಲೆ ಒಳ್ಳೆಯ ಗಳಿಕೆಯೇ. ಆದರೆ ಕೋಣೆ ಚಿಕ್ಕದಾದ್ದರಿಂದ 70 ಮಿಲಿಲೀಟರ್ ದೂಡಲು ಈಗ ಸ್ನಾಯು ಏಳನೇ ಒಂದು ಭಾಗವಲ್ಲ, ನಾಲ್ಕನೇ ಒಂದರಷ್ಟು ಕುಗ್ಗಬೇಕು. ಉಳಿದಿರುವುದು ಅದೇ ಕಾಯಿಲೆಯ ಸ್ನಾಯು, ಅದೂ ಮೊದಲಿಗಿಂತ ಕಡಿಮೆ. ಹೊಲಿಗೆ ಬಿದ್ದ ಗೋಡೆ ಪೆಡಸಾಗಿ, ತುಂಬಿಕೊಳ್ಳುವುದೂ ಕಷ್ಟ. ಹಿಗ್ಗಲು ಕಾರಣವಾದ ರೋಗವಂತೂ ಇದ್ದಲ್ಲೇ ಇದೆ.

ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್ 62 ರೋಗಿಗಳಿಗೆ ಈ ಶಸ್ತ್ರಕ್ರಿಯೆ ಮಾಡಿ ಫಲಿತಾಂಶವನ್ನು ಮುಚ್ಚುಮರೆಯಿಲ್ಲದೆ ಪ್ರಕಟಿಸಿತು. ಕೆಲವರು ನಿಜವಾಗಿ ಚೇತರಿಸಿಕೊಂಡರು. ಆದರೆ ಮೂರು ವರ್ಷದ ಹೊತ್ತಿಗೆ ಸಾವಾಗಲಿ, ಕೃತಕ ಪಂಪಿನ ಅಗತ್ಯವಾಗಲಿ, ಹೃದಯ ವೈಫಲ್ಯ ಮರುಕಳಿಸುವುದಾಗಲಿ ಇಲ್ಲದೆ ಉಳಿದವರು ನಾಲ್ಕರಲ್ಲಿ ಒಬ್ಬರಷ್ಟೇ. ಯಾರಿಗೆ ಗುಣವಾಗುತ್ತದೆ ಎಂದು ಮುಂಚಿತವಾಗಿ ಹೇಳಲು ದಾರಿಯಿರಲಿಲ್ಲ. ಶಸ್ತ್ರಕ್ರಿಯೆ ಮೂಲೆಗೆ ಸರಿಯಿತು. ಹೃದಯಾಘಾತದಿಂದ ಗಾಯಗೊಂಡ ಹೃತ್ಕುಕ್ಷಿಯನ್ನು ಬೈಪಾಸ್ ಜೊತೆಗೆ ಚಿಕ್ಕದು ಮಾಡಿ ಹೊಲಿಯುವ ವಿಧಾನವನ್ನು ಒಂದು ಸಾವಿರ ರೋಗಿಗಳಲ್ಲಿ ಹೋಲಿಸಿ ನೋಡಿದ ಸ್ಟಿಚ್ ಅಧ್ಯಯನವೂ 2009ರಲ್ಲಿ ಅದೇ ಉತ್ತರ ಕೊಟ್ಟಿತು: ಕೋಣೆ ಚಿಕ್ಕದಾಯಿತು, ಸಾವು ಮತ್ತು ಆಸ್ಪತ್ರೆ ವಾಸ ಕಡಿಮೆಯಾಗಲಿಲ್ಲ. ಲಾಪ್ಲಾಸನ ಸೂತ್ರ ತಪ್ಪಿರಲಿಲ್ಲ. ಅದು ಹೊರೆಯ ಲೆಕ್ಕ ಹೇಳುತ್ತದೆ, ಹೊರುವ ಸ್ನಾಯುವಿನ ಆರೋಗ್ಯವನ್ನು ಹೇಳುವುದಿಲ್ಲ.

ಕತ್ತರಿ ಮಾಡಲಾಗದ್ದನ್ನು ಮಾತ್ರೆಗಳು ನಿಧಾನವಾಗಿ ಮಾಡುತ್ತವೆ. ಅವು ಸೂತ್ರದ ಬೇರೆಬೇರೆ ಅಕ್ಷರಗಳ ಮೇಲೆ ಕೆಲಸ ಮಾಡುತ್ತವೆ ಎನ್ನಬಹುದು. ಮೂತ್ರ ಹೆಚ್ಚಿಸುವ ಮಾತ್ರೆ ದೇಹದಲ್ಲಿ ನಿಂತ ನೀರನ್ನು ಇಳಿಸಿ, ಹೃದಯ ಅತಿಯಾಗಿ ತುಂಬುವುದನ್ನು ತಪ್ಪಿಸುತ್ತದೆ. ಎನಲಾಪ್ರಿಲ್ ಜಾತಿಯ ಮದ್ದುಗಳು ರಕ್ತನಾಳಗಳನ್ನು ಸಡಿಲಿಸಿ ಒತ್ತಡ ಇಳಿಸುತ್ತವೆ, ಸ್ನಾಯುವಿನೊಳಗೆ ನಾರು ಬೆಳೆಯುವುದನ್ನೂ ತಡೆಯುತ್ತವೆ. ಬೀಟಾ ಬ್ಲಾಕರ್‌ಗಳ ಕಥೆ ಸ್ವಾರಸ್ಯದ್ದು. ಬಡಿತವನ್ನು ನಿಧಾನ ಮಾಡುವ ಈ ಮದ್ದನ್ನು ದುರ್ಬಲ ಹೃದಯಕ್ಕೆ ಕೊಡಲೇಬಾರದೆಂದು ವೈದ್ಯರು ನಂಬಿದ್ದ ಕಾಲದಲ್ಲಿ, ಸ್ವೀಡನ್ನಿನ ಫಿನ್ ವಾಗ್‌ಸ್ಟೈನ್ ಮತ್ತು ಸಂಗಡಿಗರು ಅದನ್ನು ಹಿಗ್ಗಿದ ಹೃದಯದ ಏಳು ರೋಗಿಗಳಿಗೆ ಕೊಟ್ಟು, ಅವರು ಸುಧಾರಿಸಿದ್ದನ್ನು 1975ರಲ್ಲಿ ವರದಿ ಮಾಡಿದರು. ಒಪ್ಪಿಗೆ ಸಿಗಲು ಎರಡು ದಶಕ ಹಿಡಿಯಿತು. ಈ ಮದ್ದುಗಳನ್ನು ತಿಂಗಳುಗಟ್ಟಲೆ ತೆಗೆದುಕೊಂಡ ಹಲವರಲ್ಲಿ 70 ಮಿಲಿಮೀಟರಿನ ಕೋಣೆ 60ಕ್ಕೆ, ಅದೃಷ್ಟವಿದ್ದರೆ ಇನ್ನೂ ಕೆಳಕ್ಕೆ ಬರುತ್ತದೆ. ಇಲ್ಲಿ ಸ್ನಾಯುವನ್ನು ಕತ್ತರಿಸಿಲ್ಲ. ಅದು ತಾನೇ ಗಾತ್ರ ಇಳಿಸಿಕೊಂಡಿದೆ.

ಹಿಗ್ಗಿದ ಹೃದಯವಿರುವವರ ಮನೆಯಲ್ಲಿ ಇದನ್ನು ಗಮನಿಸಲು ದುಬಾರಿ ಉಪಕರಣವೇನೂ ಬೇಡ. ಬೆಳಿಗ್ಗೆ ಮೂತ್ರ ವಿಸರ್ಜನೆಯ ನಂತರ, ತಿಂಡಿಗೆ ಮೊದಲು ತೂಕ ನೋಡಿ ಬರೆದಿಡಬೇಕು. ಮೂರು ದಿನದಲ್ಲಿ ಎರಡು ಕಿಲೋಗಿಂತ ಹೆಚ್ಚು ಏರಿದರೆ ಅದು ಮೈಗೆ ಹತ್ತಿದ ಊಟವಲ್ಲ, ನಿಂತ ನೀರು. ತಡಮಾಡದೆ ವೈದ್ಯರಿಗೆ ತಿಳಿಸಬೇಕು. ಮಲಗಿದರೆ ಉಸಿರು ಕಟ್ಟಿ ದಿಂಬಿನ ಮೇಲೆ ದಿಂಬು ಇಟ್ಟುಕೊಳ್ಳುವುದು, ಸಂಜೆ ಪಾದ ಊದುವುದು ಕೂಡ ಅದೇ ಸೂಚನೆ. ಆಸ್ಪತ್ರೆಯಲ್ಲಿ ಮಾಡುವ ಬಿಎನ್‌ಪಿ ರಕ್ತಪರೀಕ್ಷೆ ಅಳೆಯುವುದೂ ಗೋಡೆಯ ಬಿಗಿತದ ಪರಿಣಾಮವನ್ನೇ: ಎಳೆತಕ್ಕೆ ಸಿಕ್ಕ ಹೃತ್ಕುಕ್ಷಿಯ ಕೋಶಗಳು ರಕ್ತಕ್ಕೆ ಬಿಡುವ ವಸ್ತು ಅದು. ಎಕೋ ವರದಿಗಳನ್ನು ಹಳೆಯದೆಂದು ಬಿಸಾಡದೆ ದಿನಾಂಕದ ಪ್ರಕಾರ ಜೋಡಿಸಿಟ್ಟು, ಇ.ಎಫ್. ಜೊತೆಗೆ ಕೋಣೆಯ ಅಗಲ ಏರಿದೆಯೇ ಇಳಿದಿದೆಯೇ ಎಂದು ವೈದ್ಯರನ್ನು ಕೇಳಿ.

ಅಗಲ ಇಳಿದು ಇ.ಎಫ್. ಸರಿಹೋದಾಗ 'ಇನ್ನು ಮಾತ್ರೆ ಯಾಕೆ' ಎಂದು ನಿಲ್ಲಿಸುವವರು ಬಹಳ. ಲಂಡನ್ನಿನ ವೈದ್ಯರು ಇದನ್ನೇ ಪರೀಕ್ಷಿಸಿದ್ದಾರೆ. ಹಿಗ್ಗಿದ ಹೃದಯ ಪೂರ್ತಿ ಸರಿಹೋದಂತೆ ಕಂಡ 51 ಮಂದಿಯಲ್ಲಿ 25 ಮಂದಿಗೆ ನಿಗಾದಲ್ಲಿಟ್ಟು ಹಂತಹಂತವಾಗಿ ಮದ್ದು ನಿಲ್ಲಿಸಿದರು. ಆರು ತಿಂಗಳೊಳಗೆ ಅವರಲ್ಲಿ 11 ಮಂದಿಗೆ ಕಾಯಿಲೆ ಮರಳಿತು. ಮದ್ದು ಮುಂದುವರಿಸಿದ 26 ಮಂದಿಯಲ್ಲಿ ಆ ಅವಧಿಯಲ್ಲಿ ಒಬ್ಬರಿಗೂ ಮರಳಲಿಲ್ಲ.